ಕಥೆಯ ಕೊನೇ ಮಾತು ಮೊದ್ಲು ಹುಡುಕಿ: ಗುಂಪಲ್ಲಿ ನಮ್ಮ ಅನುಭವ ಎಳೀದೆ ಹೇಳೋದು ಹೆಂಗೆ

ಗುಂಪಲ್ಲಿ ಮಾತಾಡುವಾಗ ಕಥೆ ಉದ್ದ ಆಗೋದಕ್ಕೆ ಕಾರಣ ನಮಗೆ ಮಾತು ಜಾಸ್ತಿ ಅಂತ ಅಲ್ಲ, ಎಲ್ಲಿಗೆ ಹೋಗಿ ನಿಲ್ಬೇಕು ಅಂತ ಗೊತ್ತಿಲ್ದೇನೆ ಹೊರಟಿರ್ತೀವಿ, ಅಷ್ಟೇ. ನಿಲ್ಲೋ ಜಾಗ ಗೊತ್ತಿಲ್ದೆ ಇದ್ರೆ ಯಾವ ವಿಷಯ ಬೇಕು ಯಾವುದು ಬೇಡ ಅನ್ನೋದೂ ಗೊತ್ತಾಗಲ್ಲ, ಆಗ ನೆನಪಿಗೆ ಬಂದಿದ್ದೆಲ್ಲ ಬಾಯಿಗೆ ಬರತ್ತೆ. ಹಂಗಾಗಿ ಈ ಲೇಖನದಲ್ಲಿ ನಾನು ಹೇಳೋದೆಲ್ಲ ಒಂದೇ ವಿಷಯದ ಸುತ್ತ ಇರತ್ತೆ: ಕೊನೇ ಮಾತನ್ನ ಮೊದ್ಲು ಗಟ್ಟಿ ಮಾಡ್ಕೊಳಿ, ಆಮೇಲೆ ಅದಕ್ಕೆ ಬೇಕಾದಷ್ಟನ್ನ ಮಾತ್ರ ಮುಂದಕ್ಕೆ ಇಡಿ.

ಇದು ಸ್ಟೇಜ್ ಭಾಷಣದ ವಿಷಯ ಅಲ್ಲ. ಭಾನುವಾರ ನೆಂಟರು ಸೇರಿದಾಗ, ಆಫೀಸಲ್ಲಿ ಊಟದ ಡಬ್ಬಿ ಬಿಚ್ಚಿದಾಗ, ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಮುಗಿಸಿ ಐದಾರು ಜನ ಕಾಫಿಗೆ ನಿಂತಾಗ, ಇಂಥ ಕಡೆ ಒಂದೂವರೆಯಿಂದ ಎರಡು ನಿಮಿಷದ ಕಥೆ ಹೇಳೋದರ ವಿಷಯ. ಇಬ್ಬರೇ ಇದ್ದಾಗ ಉದ್ದ ಆದ್ರೂ ನಡಿಯತ್ತೆ, ಎದುರಿಗಿರೋರು ನಮ್ಮ ಸ್ನೇಹಕ್ಕೆ ಕೇಳ್ತಾರೆ. ಗುಂಪಲ್ಲಿ ಹಂಗಲ್ಲ, ಪ್ರತಿಯೊಬ್ಬರಿಗೂ ಪಕ್ಕದಲ್ಲಿ ಇನ್ನೊಬ್ಬರು ಇರ್ತಾರೆ, ಬೇಜಾರಾದ ತಕ್ಷಣ ಆ ಕಡೆ ತಿರುಗಿ ಬೇರೆ ಮಾತು ಶುರು ಮಾಡಬಹುದು.

ಉದಾಹರಣೆಗೆ ನನ್ನ ಭಾವಮೈದನ ಕಥೆ ತಗೊಳ್ತೀನಿ. ಅವನು ಮಂಡ್ಯದವನು, ಇಲ್ಲಿ ಬರೀತೀನಿ ಅಂದಾಗ ಖುಷಿಯಿಂದ ಒಪ್ಪಿದಾನೆ. ಕಥೆ ಒಳ್ಳೇದೇ, ಆದ್ರೆ ಅವನು ಮೊದ್ಲು ಹೇಳ್ತಿದ್ದ ರೀತಿ ಹಿಂಗಿತ್ತು:

"ಅಲ್ಲಾ ಭಾವ, ಈ ಸಂಕ್ರಾಂತಿಗೆ ಮುಂಚೆ, ಒಂದು ವಾರ ಇತ್ತೇನೋ, ಹತ್ತು ದಿನಾನೇ ಇತ್ತು ಅನ್ಸತ್ತೆ, ಮಂಗಳವಾರ ಅವತ್ತು, ನಮ್ಮ ಫ್ರೆಂಡ್ ಒಬ್ಬನವ್ನಲ್ಲ, ಕೆಆರ್‌ಎಸ್ ರೋಡಲ್ಲಿ ಸೈಟ್ ತಗೊಂಡ್ನಲ್ಲ ಅವನ ತಮ್ಮ, ಅವನೇಳ್ದ ಪಾಂಡವಪುರದ ಹತ್ರ ಒಂದು ಆಲೆಮನೆ ಐತೆ ಕೆಮಿಕಲ್ ಹಾಕಲ್ಲ ಚೆನ್ನಾಗಿರತ್ತೆ ಅಂತ, ಈಗ ಎಲ್ಲಾ ಕಡೆ ಕೆಮಿಕಲ್ಲೇ ಅಲ್ವಾ, ಬೆಲ್ಲ ಬೆಳ್ಳಗಿದ್ರೆ ತಗೋಬಾರದಂತೆ, ಸರಿ ಅಂತ ನಾನು ಬೆಳಗ್ಗೆ ಹೊರಡಣ ಅಂದ್ಕೊಂಡೆ, ಗಾಡಿ ಪಂಚರ್ ಆಗಿತ್ತು, ಅದನ್ನ ಹಾಕ್ಸಿ..."

ಇಷ್ಟಾದ್ರೂ ಆಲೆಮನೆಗೇ ತಲುಪಿಲ್ಲ ನೋಡಿ. ಅಷ್ಟೊತ್ತಿಗೆ ಅವರಕ್ಕ, ಅಂದ್ರೆ ನನ್ನ ಹೆಂಡತಿ, "ಮಂಗಳವಾರ ಅಲ್ಲ ಕಣೋ, ಅವತ್ತು ನಾನು ಫೋನ್ ಮಾಡಿದ್ದೆ, ಬುಧವಾರ" ಅಂತಾಳೆ. ಇಬ್ಬರೂ ಮಂಗಳವಾರಾನೋ ಬುಧವಾರಾನೋ ಅಂತ ಶುರು ಮಾಡ್ತಾರೆ, ಮಾವ ಪೇಪರ್ ಎತ್ಕೊಂಡು ಬಿಡಿಸ್ತಾರೆ.

ಇದನ್ನ ಸರಿ ಮಾಡಿದ್ದು ಹೆಂಗೆ ಅಂತ ಈಗ ಒಂದೊಂದಾಗಿ ನೋಡೋಣ.

ಮೊದಲನೇ ಕೆಲಸ: ಕೊನೇ ಮಾತು ಯಾವುದು

ನಿಮ್ಮ ಕಥೇಲಿ ಜನ ನಗೋದು, ಬೆಚ್ಚಿ ಬೀಳೋದು, "ಅಯ್ಯೋ" ಅನ್ನೋದು ಯಾವ ಮಾತಿಗೆ? ಅದನ್ನ ಒಂದೇ ವಾಕ್ಯದಲ್ಲಿ ಬರ್ಕೊಳಿ. ಸಾರಾಂಶ ಬೇಡ, ಅಲ್ಲಿ ಯಾರೋ ಬಾಯಿಬಿಟ್ಟು ಆಡಿದ ಮಾತಾಗಿರ್ಲಿ, ಇಲ್ಲಾಂದ್ರೆ ಕಣ್ಣಿಗೆ ಕಂಡಿದ್ದಾಗಿರ್ಲಿ.

ನನ್ನ ಭಾವಮೈದನ ಕಥೇಲಿ ಆಗಿದ್ದು ಇಷ್ಟು. ಬೆಲ್ಲ ತರಕ್ಕೆ ಹೋದ, ಗಾಡಿ ಕೀ ಕಳೆದ್ಹೋಯ್ತು, ಎಲ್ಲೂ ಸಿಗ್ಲಿಲ್ಲ, ಸಂಕ್ರಾಂತಿಗೆ ಎಳ್ಳು ಬೆಲ್ಲ ಮಾಡಕ್ಕೆ ಅಂತ ನಮ್ಮತ್ತೆ ಆ ಬೆಲ್ಲದಚ್ಚು ಹೆಚ್ಚುವಾಗ ಒಳಗಿಂದ ಕೀ ಬಂತು. ಕೀ ಸಿಕ್ಕಿದ್ದೇ ಕೊನೆ ಅಂತ ಅವನು ಅಂದ್ಕೊಂಡಿದ್ದ. ನಾನು ಕೇಳ್ದೆ, ಅತ್ತೆ ಏನಂದ್ರು ಆವಾಗ ಅಂತ. ಅವನು ಹೇಳ್ದ, "ಅವ್ವ ಅಂದ್ಲು, ಇದ್ನೂವೆ ತೂಕಕ್ಕಾಕಿ ದುಡ್ಡು ಈಸ್ಕಂಡವ್ನಾ ಅವ್ನು? ಅಂತ."

ಅದೇ ಕೊನೇ ಮಾತು. ಮಗ ಗಾಡಿ ಬಿಟ್ಟು ಬಂದ, ಲಾಕ್ ಬದಲಾಯಿಸ್ದ, ಅದ್ಯಾವುದೂ ಅವರಿಗೆ ಮುಖ್ಯ ಅಲ್ಲ, ಬೆಲ್ಲದ ರೇಟಲ್ಲಿ ಕಬ್ಬಿಣ ತೂಗಿಬಿಟ್ನಲ್ಲ ಅನ್ನೋದು ಮುಖ್ಯ. ನಮ್ಮತ್ತೆ ಯಾರು ಅಂತ ಆ ಒಂದು ಮಾತಲ್ಲೇ ಗೊತ್ತಾಗತ್ತೆ. ಇಂಥ ಮಾತು ನಿಮ್ಮ ಕಥೇಲೂ ಇರತ್ತೆ, ಬಹಳ ಸಲ ಅದು ಹೇಳೋರ ಬಾಯಲ್ಲೇ ಇರಲ್ಲ, ಪಕ್ಕದಲ್ಲಿದ್ದ ಇನ್ಯಾರದೋ ಬಾಯಲ್ಲಿರತ್ತೆ. ಕಥೆ ಕೊನೆ ಸಪ್ಪೆ ಅನ್ಸಿದ್ರೆ "ಅದಾದ ತಕ್ಷಣ ಅಲ್ಲಿದ್ದೋರು ಏನಂದ್ರು?" ಅಂತ ನಿಮ್ಮನ್ನ ನೀವೇ ಕೇಳ್ಕೊಳಿ.

ಎಷ್ಟು ಯೋಚನೆ ಮಾಡಿದ್ರೂ ಅಂಥ ಒಂದು ಮಾತು, ಒಂದು ದೃಶ್ಯ ಸಿಗ್ಲಿಲ್ಲ ಅಂದ್ರೆ? ಆಗ ಅದನ್ನ ಕಥೆ ಥರ ಹೇಳಬೇಡಿ, ಸುದ್ದಿ ಥರ ಹೇಳಿ. "ಆಲೆಮನೇಲಿ ಕೀ ಕಳ್ಕೊಂಡೆ ಕಣ್ರಿ, ಲಾಕ್ ಸೆಟ್ಟೇ ಬದಲಾಯಿಸಬೇಕಾಯ್ತು" ಅಂತ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ್ರೆ ಯಾರಿಗೂ ಬೇಜಾರಿಲ್ಲ. ಎಲ್ಲ ಘಟನೇನೂ ಕಥೆ ಆಗಲೇಬೇಕು ಅಂತ ಇಲ್ಲ.

ಭಾಷೆ ಬಗ್ಗೆ ಅಧ್ಯಯನ ಮಾಡೋ ವಿಲಿಯಂ ಲಬೋವ್ ಅಂತ ಅಮೆರಿಕದ ಒಬ್ಬ ವಿದ್ವಾಂಸರಿದ್ರು, ಅವರೂ ಜೋಶುವಾ ವಾಲೆಟ್ಸ್ಕಿ ಅನ್ನೋರೂ ಸೇರಿ 1967ರಲ್ಲಿ ಇದರ ಬಗ್ಗೆ ಒಂದು ಪ್ರಬಂಧ ಬರೆದ್ರು. ಮಾಮೂಲಿ ಜನ ತಮ್ಮ ಜೀವನದಲ್ಲಿ ನಡೆದಿದ್ದನ್ನ ಬಾಯಲ್ಲಿ ಹೇಳೋದನ್ನ ರೆಕಾರ್ಡ್ ಮಾಡಿ, ಅದರೊಳಗೆ ಏನೇನು ಭಾಗ ಇದೆ ಅಂತ ಬಿಡಿಸಿ ನೋಡಿದ್ರು. ಅವರ ಲೆಕ್ಕದಲ್ಲಿ ಒಂದಾದ ಮೇಲೆ ಒಂದು ನಡೆದ 2 ಸಂಗತಿ ಇದ್ರೆ ಸಾಕು, ಅದು ಕಥೆ. ಕೀ ಕಳೀತು, ಬೆಲ್ಲದಲ್ಲಿ ಸಿಕ್ತು, ಆಯ್ತು. ಆದ್ರೆ ಅದಕ್ಕಿಂತ ನನಗೆ ಉಪಯೋಗ ಆಗಿದ್ದು ಲಬೋವ್ ಹೇಳೋ ಇನ್ನೊಂದು ವಿಷಯ: ಚೆನ್ನಾಗಿ ಹೇಳೋರು ಕೇಳೋರ ಮನಸಲ್ಲಿ "ಸರಿ, ಅದಕ್ಕೇನೀಗ?" ಅನ್ನೋ ಪ್ರಶ್ನೆ ಹುಟ್ಟಕ್ಕೇ ಬಿಡಲ್ಲ. ಇದು ಯಾಕೆ ಹೇಳೋ ಅಷ್ಟು ದೊಡ್ಡದು ಅನ್ನೋದನ್ನ ಕಥೆ ಒಳಗೇ ಅಲ್ಲಲ್ಲಿ ತೋರಿಸ್ತಾ ಹೋಗ್ತಾರೆ. ಅತ್ತೆ ಮಾತು ಆ ಕೆಲಸ ಮಾಡತ್ತೆ. ಅದಿಲ್ದೆ ಬರೀ ಕೀ ಸಿಕ್ತು ಅಂದ್ರೆ "ಓ, ಸಿಕ್ತಾ, ಒಳ್ಳೇದಾಯ್ತು" ಅಂತಾರೆ ಅಷ್ಟೇ.

ಎರಡನೇದು: ಆ ಮಾತಿಗೆ ಏನೇನು ಗೊತ್ತಿರಬೇಕು

ಈಗ ಕೊನೇ ಮಾತಿಂದ ಹಿಂದಕ್ಕೆ ಬನ್ನಿ. ಅತ್ತೆ ಮಾತು ಕೇಳಿದ ತಕ್ಷಣ ಅರ್ಥ ಆಗಬೇಕಾದ್ರೆ ಕೇಳೋರಿಗೆ ಮುಂಚೇನೇ ಏನೇನು ಗೊತ್ತಿರಬೇಕು? ನಾವಿಬ್ಬರೂ ಕೂತು ಹುಡುಕಿದ್ವಿ.

ಅವನು ಬೆಲ್ಲ ತರಕ್ಕೆ ಆಲೆಮನೆಗೆ ಹೋಗಿದ್ದು ಗೊತ್ತಿರಬೇಕು. ಬೆಲ್ಲ ತೂಕಕ್ಕೆ ತಗೊಂಡ ಅಂತ ಗೊತ್ತಿರಬೇಕು, ಇಲ್ಲಾಂದ್ರೆ ತೂಕದ ಮಾತೇ ಕೂರಲ್ಲ, ಆದ್ರೆ ಅದಕ್ಕೆ ಬೇರೆ ವಾಕ್ಯ ಬೇಡ, "5 ಕೆಜಿ ಬೆಲ್ಲ" ಅಂದ್ರೆ ಸಾಕು. ಕೀ ಶರ್ಟ್ ಜೇಬಲ್ಲಿತ್ತು, ಅವನು ಪಾಕದ ತೊಟ್ಟಿ ಮೇಲೆ ಬಗ್ಗಿದ್ದ, ಇದೆರಡೂ ಬೇಕು. ಇನ್ನೊಂದು, ನೋಡಕ್ಕೆ ಚಿಕ್ಕದು ಆದ್ರೆ ಇದಿಲ್ದೆ ಕಥೆ ಬಿದ್ದೇ ಹೋಗತ್ತೆ: ಅವನು ತಗೊಂಡಿದ್ದು ಮುಂಚೇನೇ ಮಾಡಿಟ್ಟ ಬೆಲ್ಲ ಅಲ್ಲ, ಅದೇ ಪಾಕ ಆರಿ ಅಚ್ಚಾಗೋ ತನಕ ಕಾದು ತಗೊಂಡಿದ್ದು. ಅವನ ಹಳೇ ಕಥೇಲಿ ಪಂಚರ್ ಇತ್ತು, ಫ್ರೆಂಡಿನ ತಮ್ಮನ ಸೈಟ್ ಇತ್ತು, ಇದು ಮಾತ್ರ ಇರಲಿಲ್ಲ. ಅದಕ್ಕೇ ಕೊನೇಲಿ ಯಾರಾದರೂ ಒಬ್ಬರು "ಅದೆಂಗೆ ನಿನ್ನ ಬೆಲ್ಲದೊಳಗೇ ಬಂತು?" ಅಂತ ಕೇಳೋರು, ಇವನು ನಗು ಬರೋ ಜಾಗದಲ್ಲಿ ವಿವರಣೆ ಕೊಡ್ತಾ ಕೂರೋನು.

ನಿಮ್ಮ ಕಥೇಲೂ ಹಿಂಗೇ ಪರೀಕ್ಷೆ ಮಾಡಿ. ಒಂದೊಂದು ವಿವರಾನೂ ತೆಗೆದು, ಕೊನೇ ಮಾತು ಇನ್ನೂ ಅರ್ಥ ಆಗತ್ತಾ ನೋಡಿ. ಆಗತ್ತೆ ಅಂದ್ರೆ ಅದು ಬೇಡ. ವಾರ ಯಾವುದು, ಯಾವ ರೋಡಲ್ಲಿ ಹೋದ್ರಿ, ಎಷ್ಟು ಗಂಟೆಗೆ ಹೊರಟ್ರಿ, ಆ ಜಾಗ ನಿಮಗೆ ಯಾರು ಹೇಳಿದ್ದು, ಕೆಮಿಕಲ್ ಹಾಕೋ ಬೆಲ್ಲದ ಬಗ್ಗೆ ನಿಮ್ಮ ಅಭಿಪ್ರಾಯ, ಇದೆಲ್ಲ ಸಾಮಾನ್ಯವಾಗಿ ಹೋಗತ್ತೆ. ಸಂಕ್ರಾಂತಿ ಮಾತ್ರ ಉಳೀತು, ಯಾಕಂದ್ರೆ ಎಳ್ಳು ಬೆಲ್ಲಕ್ಕೆ ಅಚ್ಚನ್ನ ಚೂರು ಚೂರಾಗಿ ಹೆಚ್ಚಬೇಕು, ಹೆಚ್ಚದೇ ಇದ್ರೆ ಕೀ ಹೊರಗೆ ಬರಲ್ಲ.

ಒಂದು ವಿಷಯಕ್ಕೆ ಸ್ವಲ್ಪ ಜಾಗ ಬಿಡಬೇಕು. ನಮ್ಮ ಕಡೆ ಹಿರಿಯರು ಇರೋ ಗುಂಪಲ್ಲಿ ಯಾರ ಬಗ್ಗೆ ಮಾತಾಡ್ತಿದೀರಿ ಅಂತ ಗೊತ್ತಾಗೋ ತನಕ ಅವರು ಮುಂದಕ್ಕೆ ಬರಲ್ಲ, "ಯಾರ ಮಗ ಅವ್ನು? ಯಾವೂರು?" ಅಂತ ಕೇಳೇ ಕೇಳ್ತಾರೆ. ಅದು ತಪ್ಪಲ್ಲ, ಅವರು ಕಥೆಯೊಳಗೆ ಬರೋದೇ ಆ ದಾರೀಲಿ. ಅದಕ್ಕೆ ಅವರು ಕೇಳೋದಕ್ಕೆ ಮುಂಚೆ ನೀವೇ ಮೂರ್ನಾಲ್ಕು ಪದದಲ್ಲಿ ಕೊಟ್ಬಿಡಿ, "ನಮ್ಮ ದೊಡ್ಡಮ್ಮನ ಮಗ, ಮದ್ದೂರಲ್ಲಿರೋನು" ಅಂತ. ಅದಕ್ಕಿಂತ ಜಾಸ್ತಿ ಸಂಬಂಧ ಬಿಡಿಸಕ್ಕೆ ಹೋದ್ರೆ ಅವರ ಹೆಂಡತಿ ತವರು ಮನೆ ತನಕ ಹೋಗತ್ತೆ.

ಮೂರನೇದು: ಎಲ್ಲಿಂದ ಶುರು ಮಾಡೋದು

ಏನೋ ಕೆಡೋದಕ್ಕೆ ಶುರುವಾಗತ್ತಲ್ಲ, ಅದಕ್ಕೆ ಎಷ್ಟು ಹತ್ರದಿಂದ ಆಗತ್ತೋ ಅಷ್ಟು ಹತ್ರದಿಂದ ಶುರು ಮಾಡಿ. ಮನೆಯಿಂದ ಹೊರಟಿದ್ದು ಬೇಡ. ಆಲೆಮನೇಲಿ ಎಲೆ ಮೇಲೆ ಬಿಸಿ ಬೆಲ್ಲ ಹಾಕ್ಕೊಟ್ರು, ಅಲ್ಲಿಂದ ಶುರು. ಆಲೆಮನೆಗೆ ಯಾಕೆ ಹೋದ ಅನ್ನೋದು ಅದೇ ವಾಕ್ಯದೊಳಗೆ ಸೇರತ್ತೆ.

ಪೀಠಿಕೆ ಬೇಕೇ ಬೇಕು ಅನ್ಸಿದ್ರೆ ಎರಡು ವಾಕ್ಯ ಮೀರಬೇಡಿ. ಮೂರನೇ ವಾಕ್ಯದಲ್ಲಿ ಏನಾದ್ರೂ ನಡೀತಾ ಇರಬೇಕು. ಉಳಿದ ಹಿನ್ನೆಲೆ ಬೇಕಾದ ಜಾಗದಲ್ಲೇ ಸಣ್ಣದಾಗಿ ಕೊಡಿ, ಎಲ್ಲಾನೂ ಮುಂಚೇನೇ ಪೇರಿಸಬೇಡಿ. ಜನ ಮುಂದೆ ಉಪಯೋಗಕ್ಕೆ ಬರಬಹುದು ಅಂತ ಐದಾರು ವಿಷಯ ನೆನಪಲ್ಲಿ ಇಟ್ಕೊಂಡು ಕೂರಲ್ಲ, ಒಂದೆರಡು ಇಟ್ಕೊಂತಾರೆ.

ನಾಲ್ಕನೇದು: ಮಾತಿಗೆ ಜಾಗ ಕೇಳೋದು

ಇದನ್ನ ಬಹಳ ಜನ ಬಿಟ್ಬಿಡ್ತಾರೆ. ಗುಂಪಲ್ಲಿ ಮಾಮೂಲಿ ಮಾತು ಒಂದೊಂದು ವಾಕ್ಯದಂತೆ ಒಬ್ಬರಿಂದ ಒಬ್ಬರಿಗೆ ಹೋಗ್ತಿರತ್ತೆ. ಕಥೆ ಅಂದ್ರೆ ಅಷ್ಟೂ ಹೊತ್ತು ಬೇರೆಯವರು ತಮ್ಮ ಸರದಿ ಬಿಟ್ಟುಕೊಡಬೇಕು. ಮಾತುಕತೆ ಹೆಂಗೆ ನಡಿಯತ್ತೆ ಅಂತ ಅಧ್ಯಯನ ಮಾಡಿದ ಹಾರ್ವೆ ಸ್ಯಾಕ್ಸ್ ಅನ್ನೋ ಅಮೆರಿಕದ ಸಮಾಜವಿಜ್ಞಾನಿ ಇದನ್ನ ಗುರುತಿಸಿದ್ರು, ಕಥೆ ಹೇಳೋರು ಮೊದ್ಲು ಒಂದು ಸಣ್ಣ ಮುನ್ಸೂಚನೆ ಕೊಡ್ತಾರೆ, ಕೇಳೋರು "ಏನಾಯ್ತು?" ಅಂತ ಒಪ್ಪಿಗೆ ಕೊಡ್ತಾರೆ, ಆಮೇಲೆ ಕಥೆ. ಆ ಮುನ್ಸೂಚನೆಯಿಂದ ಇನ್ನೊಂದು ಕೆಲಸಾನೂ ಆಗತ್ತೆ, ಏನು ಬಂದಾಗ ಕಥೆ ಮುಗೀತು ಅಂತ ಅಂದ್ಕೋಬೇಕು ಅನ್ನೋದು ಕೇಳೋರಿಗೆ ಮೊದಲೇ ಗೊತ್ತಾಗತ್ತೆ.

ನಾವೂ ದಿನಾ ಇದನ್ನೇ ಮಾಡೋದು, "ಏ ಇದು ಕೇಳಿಲ್ಲಿ" ಅಂತೀವಿ. ಚೆನ್ನಾಗಿ ಮಾಡೋದು ಹೆಂಗೆ ಅಂದ್ರೆ, ಈಗ ನಡೀತಿರೋ ಮಾತಿಗೆ ಅಂಟಿಸಿ, ತೊಂದರೆ ಏನು ಅಂತ ಹೇಳಿ, ಕೊನೆ ಹೇಳಬೇಡಿ. ಯಾರೋ ಆಲೆಮನೆ ಬೆಲ್ಲದ ವಿಷಯ ಎತ್ತಿದ್ರು ಅನ್ಕೊಳಿ, "ಹೋದ ಸಲ ಬೆಲ್ಲ ತರಕ್ಕೋಗಿ ಗಾಡಿ ಅಲ್ಲೇ ಬಿಟ್ಟು ಬಸ್ಸಲ್ಲಿ ಬಂದೆ ನಾನು" ಅಂದ್ರೆ ಸಾಕು. ಯಾರಾದ್ರೂ "ಯಾಕೆ?" ಅಂತಾರೆ. ಅಂದ್ರೆ ಜಾಗ ಸಿಕ್ತು. ಯಾರೂ ಕೇಳ್ಲಿಲ್ಲ, ಮಾತು ಬೇರೆ ಕಡೆ ಹೋಯ್ತು ಅಂದ್ರೆ ಬಿಟ್ಬಿಡಿ, ಇನ್ನೊಂದು ಸಲ ಬರತ್ತೆ. ಒತ್ತಿ ಹೇಳಿದ ಕಥೆಗೆ ಮೊದಲಿಂದಾನೇ ಅರ್ಧ ಕಿವಿ.

"ಸಖತ್ ಕಾಮಿಡಿ ಆಯ್ತು ಗೊತ್ತಾ, ನಕ್ಕೂ ನಕ್ಕೂ ಸಾಕಾಯ್ತು" ಅಂತ ಮಾತ್ರ ಶುರು ಮಾಡಬೇಡಿ. ಅದು ಸಾಲ ತಗೊಂಡ ಹಾಗೆ, ಅಷ್ಟು ನಗಿಸ್ದೇ ಇದ್ರೆ ಒಳ್ಳೇ ಕಥೇನೂ ಸಪ್ಪೆ ಅನ್ಸತ್ತೆ.

ಇನ್ನು ಊಟ ಬಡಿಸ್ತಿರುವಾಗ, ಯಾರೋ ಹೊರಡಕ್ಕೆ ಚಪ್ಪಲಿ ಹಾಕ್ಕೊಳ್ತಿರುವಾಗ ಶುರು ಮಾಡಬೇಡಿ. ಬೇರೆಯವರು ತಮ್ಮ ನೋವಿನ ವಿಷಯ ಹೇಳಿ ಮುಗಿಸಿದ ತಕ್ಷಣ "ನನಗೂ ಹಿಂಗೇ ಆಗಿತ್ತು" ಅಂತ ಬಾಯಿ ಹಾಕಬೇಡಿ, ಅವರ ಮಾತಿಗೆ ಗುಂಪು ಏನಾದ್ರೂ ಅನ್ಲಿ, ಸ್ವಲ್ಪ ಹೊತ್ತು ಹೋಗ್ಲಿ.

ಐದನೇದು: ಓಡ್ಸೋದು ಎಲ್ಲಿ, ನಿಧಾನ ಎಲ್ಲಿ

ಎರಡು ನಿಮಿಷದ ಕಥೇಲಿ ನಿಧಾನವಾಗಿ ತೋರಿಸೋ ದೃಶ್ಯ ಒಂದೇ ಇರಬೇಕು, ಅದು ಕೊನೇ ಮಾತಿನ ದೃಶ್ಯ. ಉಳಿದಿದ್ದನ್ನ ಓಡಿಸಿ. ಬಸ್ಸಲ್ಲಿ ಬಂದಿದ್ದು, ಮಾರನೇ ದಿನ ಮೆಕ್ಯಾನಿಕ್ ಕರ್ಕೊಂಡು ಹೋಗಿದ್ದು, ಲಾಕ್ ಸೆಟ್ ಬದಲಾಯಿಸಿದ್ದು, ಇದಕ್ಕೆಲ್ಲ ಅವನ ಹಳೇ ಕಥೇಲಿ ಒಂದೊಂದಕ್ಕೂ ಒಂದೊಂದು ಉಪಕಥೆ ಇತ್ತು, ಈಗ ಒಂದೇ ಉಸಿರಲ್ಲಿ ಮುಗಿಯತ್ತೆ. ಕೀ ಸಿಕ್ಕೋ ಜಾಗಕ್ಕೆ ಬಂದಾಗ ಮಾತ್ರ ಚಾಕು, ಸದ್ದು, ಅತ್ತೆ ಕಣ್ಣು, ಒಂದೊಂದಾಗಿ.

ಮಧ್ಯದಲ್ಲಿ ಒಂದು ಕಡೆ ಸ್ವಲ್ಪ ನಿಲ್ಲಬಹುದು, ಕೇಳೋರ ಗಮನ ಬೇರೆ ಕಡೆ ಹೋಗೋ ಜಾಗದಲ್ಲಿ. ಕಬ್ಬಿನ ಸಿಪ್ಪೆ ರಾಶೀಲಿ ಹುಡುಕೋದು ಅಂಥ ಜಾಗ. ಕೀ ಸಿಪ್ಪೇಲೇ ಬಿದ್ದಿರಬೇಕು ಅಂತ ಕೇಳೋರೂ ಅವನ ಜೊತೆ ನಂಬ್ತಾರೆ, ತೊಟ್ಟಿ ವಿಷಯ ಮರೀತಾರೆ. ಆ ರಾಶಿ ಇಲ್ದೆ ಹೇಳಿದ್ರೆ ಹುಷಾರಿರೋರು ಜೇಬು, ಬಗ್ಗೋದು, ತೊಟ್ಟಿ ಅಂದ ತಕ್ಷಣ ಕೊನೆ ಊಹಿಸ್ಬಿಡ್ತಾರೆ.

ವಾಕ್ಯ ಕಟ್ಟೋದ್ರಲ್ಲಿ ಎರಡು ವಿಷಯ ಗಮನಿಸಿ. ಒಂದು, "ಆಮೇಲೆ... ಆಮೇಲೆ... ಆಮೇಲೆ" ಅಂತ ಪೋಣಿಸ್ತಿದ್ರೆ ಅದು ದಿನಚರಿ ಆಗ್ತಿದೆ ಅಂತ ಅರ್ಥ. "ಅದಕ್ಕೆ", "ಆದ್ರೆ", "ಹಂಗಾಗಿ" ಅಂತ ಸೇರಿಸಕ್ಕೆ ಆಗತ್ತಾ ನೋಡಿ: ಕೈಯಲ್ಲಿ ಬಿಸಿ ಬೆಲ್ಲ ಇತ್ತು, ಅದಕ್ಕೆ ಕೀ ಶರ್ಟ್ ಜೇಬಿಗೆ ಹೋಯ್ತು. ಸೇರಿಸಕ್ಕೆ ಆಗ್ದೇ ಇರೋ ವಾಕ್ಯ ಬಹುಶಃ ಕಥೆಗೆ ಬೇಡದ ವಾಕ್ಯ. ಎರಡು, ಮುಖ್ಯ ಜಾಗಕ್ಕೆ ಬಂದಾಗ "ಕೀ ಇರಲಿಲ್ಲ" ಅನ್ನೋದಕ್ಕಿಂತ "ಜೇಬಿಗೆ ಕೈ ಹಾಕ್ತೀನಿ, ಕೀ ಇಲ್ಲ" ಅನ್ನಿ. ಮಾತನ್ನೂ ಹಂಗೇ, "ತಂದಿಲ್ವೇನೋ ಅಂತ ಅವನು ಅನುಮಾನ ವ್ಯಕ್ತಪಡಿಸ್ದ" ಅನ್ನೋದು ಬೇಡ, ಅವನಾಡಿದ ಮಾತನ್ನ ಅವನಾಡಿದ ಹಾಗೇ ಹೇಳಿ. ನಮ್ಮತ್ತೆ ಮಂಡ್ಯದ ಮಾತನ್ನ "ಇದನ್ನೂ ತೂಕಕ್ಕೆ ಹಾಕಿ ಹಣ ಪಡೆದನೇ?" ಅಂತ ತಿದ್ದಿಬಿಟ್ರೆ ಅತ್ತೇನೇ ಇರಲ್ಲ ಅದರಲ್ಲಿ. ಆದ್ರೆ ಬೇರೆ ಕಡೆಯವರ ಮಾತಿನ ಧಾಟೀನ ಅಣಕಿಸೋ ಹಂಗೆ ಮಾಡಬೇಡಿ, ನಿಮ್ಮ ಮನೇಲಿ ನೀವು ಆಡೋ ಮಾತಾದ್ರೆ ಸರಿ.

ಈಗ ಅವನು ಹೇಳೋದು ಹಿಂಗೆ:

"ಸಂಕ್ರಾಂತಿಗೆ ಬೆಲ್ಲ ತರಣ ಅಂತ ಪಾಂಡವಪುರದ ಹತ್ರ ಒಂದು ಆಲೆಮನೆಗೆ ಹೋಗಿದ್ದೆ, ಎಲೆ ಮೇಲೆ ಬಿಸಿ ಬೆಲ್ಲ ಹಾಕ್ಕೊಟ್ರು. ಕೈ ಬೇಕಲ್ಲ, ಗಾಡಿ ಕೀನ ಶರ್ಟ್ ಜೇಬಿಗಾಕ್ಕೊಂಡು, ತಿಂತಾ ತಿಂತಾ ತೊಟ್ಟೀಲಿ ಪಾಕ ತಿರುವೋದನ್ನ ಬಗ್ಗಿ ಬಗ್ಗಿ ನೋಡ್ತಾ ನಿಂತೆ. ಬಿಸಿ ಬಿಸೀದೇ ಬೇಕು ಅಂತ ಅದೇ ಪಾಕ ಅಚ್ಚಾಗಗಂಟ ಕಾದು 5 ಕೆಜಿ ತೂಗ್ಸಿದ್ದಾಯ್ತು. ಗಾಡಿ ಹತ್ರ ಬಂದು ಜೇಬಿಗೆ ಕೈ ಹಾಕ್ತೀನಿ, ಕೀ ಇಲ್ಲ.

ಗಾಡಿ ನಿಲ್ಸಿದ್ದು ಕಬ್ಬಿನ ಸಿಪ್ಪೆ ರಾಶಿ ಪಕ್ಕ. ಇಲ್ಲೇ ಬಿದ್ದದೆ ಅಂತ ಕತ್ತಲಾಗಗಂಟ ಆ ಸಿಪ್ಪೆಯೊಳಗೆ ಕೈಯಾಡಿಸ್ದೆ. ಆಲೆಮನೆಯೋನು ಬ್ಯಾಟ್ರಿ ಹಿಡ್ಕೊಂಡು ಬಂದು, 'ಎಲ್ಲೂ ಇಲ್ಲ ಕಣಣ್ಣ, ನೀವು ಕೀ ತಂದೇ ಇಲ್ವೇನೋ' ಅಂದ. ತರ್ದೆ ಗಾಡಿ ಹೆಂಗಪ್ಪ ಬಂತು ಅಂದೆ. ಬೆಲ್ಲ ಹೊತ್ಕೊಂಡು ಬಸ್ಸಲ್ಲಿ ಮನೆಗೆ ಬಂದೆ, ಮಾರನೇ ದಿನ ಮೆಕ್ಯಾನಿಕ್ ಕರ್ಕೊಂಡೋಗಿ ಲಾಕ್ ಸೆಟ್ಟೇ ಬದಲಾಯಿಸ್ಕೊಂಡು ಬಂದೆ.

ಹಬ್ಬಕ್ಕೆ ಅವ್ವ ಎಳ್ಳು ಬೆಲ್ಲಕ್ಕೆ ಅಂತ ಅಚ್ಚು ಹೆಚ್ತಾ ಕೂತವ್ಳೆ. ಚಾಕು ಟಣ್ ಅಂತು. ಅವ್ವ ಅಚ್ಚನ್ನ ಎತ್ತಿ ಬೆಳಕಿಗೆ ಹಿಡಿದ್ಲು. ನನ್ನ ನೋಡುದ್ಲು. 'ಲೇ, ಇದ್ನೂವೆ ತೂಕಕ್ಕಾಕಿ ದುಡ್ಡು ಈಸ್ಕಂಡವ್ನಾ ಅವ್ನು?'"

ಅಷ್ಟೇ. ನಿಧಾನಕ್ಕೆ ಹೇಳಿದ್ರೂ ಎರಡು ನಿಮಿಷದೊಳಗೆ ಮುಗಿಯತ್ತೆ. ಇಡೀ ಕಥೇಲಿ "ಕೀ ಸಿಕ್ತು" ಅನ್ನೋ ಮಾತೇ ಇಲ್ಲ ಗಮನಿಸಿ. ಚಾಕು ಸದ್ದಿಗೇ ಕೇಳೋರು ಅದನ್ನ ತಾವೇ ಕಂಡ್ಕೊಂತಾರೆ, ಅತ್ತೆ ಮಾತು ಅದರ ಮೇಲೆ ಬೀಳತ್ತೆ. ಕೇಳೋರಿಗೆ ಒಂದು ಹೆಜ್ಜೆ ತಾವೇ ಇಡಕ್ಕೆ ಬಿಟ್ರೆ ಅವರು ಕಥೆಗೆ ಇನ್ನೂ ಹತ್ರ ಬರ್ತಾರೆ.

ಅಭ್ಯಾಸ

ಬಾಯಿಪಾಠ ಬೇಡ, ಮಾಡಿದ್ರೆ ವಾರ್ತೆ ಓದಿದ ಹಂಗೆ ಕೇಳ್ಸತ್ತೆ, ಮಧ್ಯ ಯಾರಾದ್ರೂ ಮಾತಾಡಿದ್ರೆ ಎಲ್ಲಿದ್ದೆ ಅಂತ ಮರೆತೂ ಹೋಗತ್ತೆ. ಮೊದಲನೇ ವಾಕ್ಯ, ಕೊನೇ ವಾಕ್ಯ ಮಾತ್ರ ಗಟ್ಟಿ ಮಾಡ್ಕೊಳಿ, ಮಧ್ಯಕ್ಕೆ ಮೂರ್ನಾಲ್ಕು ಗುರುತು ಸಾಕು: ಜೇಬು, ತೊಟ್ಟಿ, ಸಿಪ್ಪೆ, ಲಾಕ್ ಸೆಟ್. ಫೋನಲ್ಲಿ ರೆಕಾರ್ಡ್ ಹಾಕಿ ಒಂದು ಸಲ ಜೋರಾಗಿ ಹೇಳಿ, ಕೇಳಿಸ್ಕೊಳಿ. ಸುಮ್ನೆ ಟೈಮ್ ನೋಡೋದಲ್ಲ, ತೊಂದರೆ ಶುರುವಾಗೋ ಮಾತು ("ಕೀ ಇಲ್ಲ") ಎಷ್ಟನೇ ಸೆಕೆಂಡಿಗೆ ಬರತ್ತೆ ನೋಡಿ. ಅರ್ಧ ನಿಮಿಷ ದಾಟಿದ್ರೆ ಮುಂಭಾಗ ಇನ್ನೂ ಕತ್ತರಿಸಬೇಕು ಅಂತ ನಾನು ಲೆಕ್ಕ ಹಾಕ್ತೀನಿ. ರೆಕಾರ್ಡಲ್ಲಿ ನಿಮ್ಮದೇ "ಅಂದ್ರೆ... ಏನಪ್ಪಾ ಅಂದ್ರೆ..." ಎಲ್ಲೆಲ್ಲಿ ಬರತ್ತೆ ಗಮನಿಸಿ, ಅಲ್ಲೆಲ್ಲ ಮುಂದೇನು ಅಂತ ನಿಮಗೇ ಗಟ್ಟಿ ಇರಲ್ಲ.

ಗುಂಪಲ್ಲಿ ಹೇಳುವಾಗ

ಹಿಂದೆ ಅಜ್ಜಿಯಂದಿರು ಕಥೆ ಹೇಳುವಾಗ ಮಕ್ಕಳು ಹೂಂಗುಟ್ಟಬೇಕಿತ್ತಲ್ಲ, ಹೂಂ ನಿಂತ್ರೆ ಮಗು ಮಲಗ್ತು ಅಂತ ಅಜ್ಜಿಗೆ ಗೊತ್ತಾಗೋದು. ದೊಡ್ಡವರ ಗುಂಪಲ್ಲೂ ಅದೇ ಹೂಂ ಮೇಲೆ ಕಿವಿ ಇಟ್ಟಿರಿ. ನಿಜವಾಗಿ ಕೇಳ್ತಿರೋರ ಹೂಂ ಏರಿಳಿಯತ್ತೆ, ಒಂದು ಕಡೆ "ಹೂಂ?" ಅಂತಾರೆ, ಒಂದು ಕಡೆ "ಅಯ್ಯೋ" ಅಂತಾರೆ, ಮುಂದೇನು ಅಂತ ಸುಮ್ಮನಾಗ್ತಾರೆ. ಬೇಜಾರಾದೋರ ಹೂಂ ಒಂದೇ ಸಮ, ನೀವು ಏನು ಹೇಳಿದ್ರೂ ಅದೇ "ಹೂಂ, ಹೂಂ, ಹೌದೌದು", ಕೆಲವು ಸಲ ನಿಮ್ಮ ವಾಕ್ಯ ಮುಗಿಯೋದಕ್ಕೆ ಮುಂಚೇನೇ. ಅದಾದ ಮೇಲೆ ಕಣ್ಣು ಫೋನ್ ಕಡೆ ಹೋಗತ್ತೆ. ಇದು ಕಂಡ್ರೆ ಜೋರಾಗಿ ಹೇಳೋದು, "ಕೇಳಿ ಕೇಳಿ, ಮುಂದೆ ಮಜಾ ಇದೆ" ಅನ್ನೋದು ಕೆಲಸ ಮಾಡಲ್ಲ. ಮಧ್ಯದ್ದನ್ನ ಬಿಟ್ಟು ನೇರ ಕೊನೇ ದೃಶ್ಯಕ್ಕೆ ಹಾರಿ: "ಸರಿ, ಕೀ ಸಿಗ್ಲೇ ಇಲ್ಲ, ಲಾಕ್ ಬದಲಾಯಿಸ್ದೆ. ಹಬ್ಬಕ್ಕೆ ಅವ್ವ ಬೆಲ್ಲ ಹೆಚ್ತಾ ಕೂತವ್ಳೆ..." ಕೊನೇ ಮಾತು ಮೊದಲೇ ಗಟ್ಟಿ ಇದ್ರೆ ಎಲ್ಲಿಂದ ಬೇಕಾದ್ರೂ ಹಿಂಗೆ ಹಾರಬಹುದು.

ಮಧ್ಯ ಪ್ರಶ್ನೆ ಬಂದ್ರೆ, "ಯಾವ ಆಲೆಮನೆ? ಕೆಜಿ ಎಷ್ಟು?" ಅಂತ, ಒಂದೇ ಪದದಲ್ಲಿ ಉತ್ತರ ಕೊಟ್ಟು, ನಿಲ್ಲಿಸಿದ್ದ ವಾಕ್ಯಾನೇ ಮತ್ತೆ ಹಿಡೀರಿ. ರೇಟಿನ ಚರ್ಚೆ ಶುರುವಾದ್ರೆ ಕಥೆ ಅಲ್ಲಿಗೆ ಮುಗೀತು. "ಆಮೇಲೆ ಅಡ್ರೆಸ್ ಕೊಡ್ತೀನಿ" ಅಂದ್ರೂ ಸಾಕು.

ಮನೆಯವರು ತಿದ್ದಿದ್ರೆ ಒಪ್ಕೊಂಡು ಮುಂದೆ ಹೋಗಿ. "ಬುಧವಾರ? ಸರಿ, ಬುಧವಾರ" ಅಷ್ಟೇ. ನೀವು ಸರಿ ಇದ್ರೂ ವಾದ ಬೇಡ, ವಾರ ಯಾವುದು ಅಂತ ಗೆದ್ದು ಕೇಳೋರನ್ನ ಕಳ್ಕೊಂಡ್ರೆ ಏನು ಸಿಕ್ತು. ಇನ್ನೂ ಒಳ್ಳೇದು ಅಂದ್ರೆ ವಾರ ಹೇಳ್ದೇ ಇರೋದು. ಹೇಳ್ದೇ ಇದ್ದಿದ್ದನ್ನ ಯಾರೂ ತಿದ್ದಲ್ಲ. ಹೆಸರು ಮರೆತ್ರೂ ಹಂಗೇ, "ಏನವನ ಹೆಸರು... ತಡೀರಿ ಬರತ್ತೆ" ಅಂತ ನಿಲ್ಲಿಸಬೇಡಿ, "ಆಲೆಮನೆಯೋನು" ಅಂದ್ರೆ ಯಾರಿಗೂ ಕಮ್ಮಿ ಆಗಲ್ಲ.

ಒಬ್ಬರ ಮುಖ ಮಾತ್ರ ನೋಡ್ಕೊಂಡು ಹೇಳಬೇಡಿ. ಅಭ್ಯಾಸ ಬಲದಿಂದ ನಾವು ಜಾಸ್ತಿ ನಗೋರ ಕಡೇನೇ ತಿರುಗ್ತೀವಿ, ಉಳಿದೋರು ಹೊರಗೆ ಉಳೀತಾರೆ. ಒಂದೊಂದು ವಾಕ್ಯ ಒಬ್ಬೊಬ್ಬರಿಗೆ ಹೇಳಿ. ಕೊನೇ ಮಾತನ್ನ ಮಾತ್ರ, ಕಥೇಲಿರೋರು ಅಲ್ಲೇ ಕೂತಿದ್ರೆ ಅವರ ಕಡೆ ತಿರುಗಿ ಹೇಳಬಹುದು, ಅವರಿಗೆ ಅದು ಇಷ್ಟ ಆಗತ್ತೆ ಅಂತ ಗೊತ್ತಿದ್ರೆ. ಅತ್ತೆ ಇದ್ದಾಗ ಭಾವಮೈದ ಕೊನೇ ಮಾತು ತಾನು ಹೇಳಲ್ಲ, "ಅವ್ವ ಏನಂದೆ?" ಅಂತ ಅವರಿಗೇ ಬಿಟ್ಬಿಡ್ತಾನೆ. ಪ್ರತಿ ಸಲಾನೂ ಅವರು ಅದೇ ಸಿಟ್ಟಲ್ಲಿ ಹೇಳ್ತಾರೆ, ಅವನು ಹೇಳೋದಕ್ಕಿಂತ ಎಷ್ಟೋ ಚೆನ್ನಾಗಿರತ್ತೆ.

ಅವರು ಒಪ್ಪಲ್ಲ ಅನ್ನೋ ಅನುಮಾನ ಇದ್ರೆ ಮೊದಲೇ ಕೇಳಿ, ಬೇಡ ಅಂದ್ರೆ ಆ ಕಥೆ ಆ ಗುಂಪಿಗೆ ಇಲ್ಲ. ಬೇರೆಯವರ ಕಾಯಿಲೆ, ಸಾಲ, ಮನೆ ಜಗಳ ಕಥೇಲಿ ಎಷ್ಟೇ ಚೆನ್ನಾಗಿ ಕೂತ್ರೂ ಅದು ನಿಮ್ಮದಲ್ಲ. ನಿಮ್ಮದೇ ನೋವಾದ್ರೆ, ಇನ್ನೂ ಹಸಿಯಾಗಿದ್ರೆ, ಹೇಳ್ತಾ ಹೇಳ್ತಾ ಗಂಟಲು ಕಟ್ಟಬಹುದು ಅನ್ಸಿದ್ರೆ, ಅದನ್ನ ಎಂಟು ಜನದ ಮುಂದೆ ಎರಡು ನಿಮಿಷಕ್ಕೆ ಕತ್ತರಿಸೋ ಪ್ರಯತ್ನಾನೇ ಬೇಡ, ಒಬ್ಬರ ಹತ್ರ ಕೂತು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಹೇಳಿ.

ನಿಲ್ಸೋದು

ಕೊನೇ ಮಾತು ಹೇಳಿದ ಮೇಲೆ ಬಾಯಿ ಮುಚ್ಚಬೇಕು. ಕೇಳಕ್ಕೆ ಸುಲಭ, ಮಾಡಕ್ಕೆ ಇದೇ ಕಷ್ಟ. ನಗು ಬರೋದಕ್ಕೆ ಒಂದು ಕ್ಷಣ ಹಿಡಿಯತ್ತೆ, ಆ ಒಂದು ಕ್ಷಣದ ಮೌನ ತಡೀಲಾರದೆ ನಾವು "ಹಂಗಾಯ್ತು ನೋಡಿ", "ಅಂದ್ರೆ ಕೀ ಪಾಕದ ತೊಟ್ಟಿಗೆ ಬಿದ್ದಿತ್ತು, ಅದು ಅಚ್ಚೊಳಗೆ ಸೇರ್ಕೊಂಡು..." ಅಂತ ಶುರು ಮಾಡ್ತೀವಿ. ಬರ್ತಿದ್ದ ನಗು ಅಲ್ಲೇ ನಿಲ್ಲತ್ತೆ. ಕೊನೇ ಮಾತು ಹೇಳಿ ಕಾಫಿ ಲೋಟ ಎತ್ಕೊಂಡು ಒಂದು ಗುಟುಕು ಕುಡೀರಿ, ಬಾಯಿಗೆ ಕೆಲಸ ಸಿಗತ್ತೆ.

ಯಾರೂ ನಗ್ಲಿಲ್ಲ ಅಂದ್ರೂ ವಿವರಿಸಬೇಡಿ, ಅದೇ ಕಥೆಗೆ ಇನ್ನೊಂದು ಬಾಲ ಸೇರಿಸಬೇಡಿ. "ನಿಮ್ಮ ಕಡೆ ಬೆಲ್ಲ ಎಲ್ಲಿಂದ ತರಿಸ್ತೀರಿ?" ಅಂತ ಪಕ್ಕದವರಿಗೆ ಮಾತು ಕೊಟ್ಬಿಡಿ. ಆಮೇಲೆ ಮನೇಲಿ ಕೂತು ನೋಡಿ, ಕೇಳೋರಿಗೆ ಮುಂಚೆ ತಿಳೀಬೇಕಾದ್ದು ಯಾವುದು ತಿಳೀಲಿಲ್ಲ ಅಂತ. ಸಾಮಾನ್ಯವಾಗಿ ಒಂದೇ ಒಂದು ವಿವರ ಬಿಟ್ಟುಹೋಗಿರತ್ತೆ, ಅದೇ ಪಾಕ ಅಚ್ಚಾಗೋ ತನಕ ಕಾದಿದ್ದು ಬಿಟ್ಟುಹೋಗಿತ್ತಲ್ಲ, ಹಂಗೆ.